ಮೊದಲ ವರ್ಷದ ಅರ್ಧ ರಜೆ

ನಮ್ಮ ಮನೆಯಲ್ಲಿ ಎರಡು ಸರ್ಕಾರಗಳಿವೆ. ತಂಗಿಯ ಮಗಳು ಕಾಸರಗೋಡಿನಲ್ಲಿ ಕೇರಳ ಸರ್ಕಾರದ ನೌಕರಿಯಲ್ಲಿದ್ದಾಳೆ. ಅಣ್ಣನ ಮಗ ಮಂಗಳೂರಿನಲ್ಲಿ ಕರ್ನಾಟಕ ಸರ್ಕಾರದ ನೌಕರ. ಇಬ್ಬರೂ ಕ್ಲಾರ್ಕ್ ಕೆಲಸಕ್ಕೇ ಸೇರಿದವರು, ಅದೂ ಒಂದೇ ದಿನ, 2022ರ ಆಗಸ್ಟ್ 17ರಂದು. ನಾನು ಇಲ್ಲೇ ಗಡಿಯ ಈಚೆ, ಕೇರಳದಲ್ಲಿ, ಮೂವತ್ತು ವರ್ಷ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನಲ್ಲಿ ಕೂತು ಬೇರೆಯವರ ರಜೆಯ ಲೆಕ್ಕ ಬರೆದವನು. ಹಾಗಾಗಿ ಇಬ್ಬರೂ ರಜೆಯ ಪ್ರಶ್ನೆ ಬಂದರೆ ನನ್ನ ಹತ್ತಿರವೇ ಬರುತ್ತಾರೆ.

ಆ ವರ್ಷ ಡಿಸೆಂಬರ್ 12ಕ್ಕೆ ಭಾವನಿಗೆ ಮಂಗಳೂರಿನಲ್ಲಿ ಆಪರೇಷನ್ ಇತ್ತು. ಆಸ್ಪತ್ರೆಯಲ್ಲಿ ಹತ್ತು ದಿನವಾದರೂ ಒಬ್ಬರು ಜೊತೆಗಿರಬೇಕು. ಹಿಂದಿನ ವಾರ ತಂಗಿಯ ಮಗಳು ಫೋನ್ ಮಾಡಿದಳು.

"ಮಾವ, ನನಗೆ ಇಎಲ್ ಐದೇ ಇರುವುದಂತೆ. ನಾಲ್ಕು ತಿಂಗಳು ಆಗ್ತಾ ಬಂತು. ಅವನಿಗೆ ಹತ್ತು ಉಂಟಂತೆ, ಅದೂ ಸೇರಿದ ದಿನವೇ ಕೊಟ್ಟದ್ದಂತೆ. ನಮ್ಮ ಆಫೀಸಿನವರು ತಪ್ಪು ಲೆಕ್ಕ ಮಾಡಿದ್ದಾ?"

ಅವರು ತಪ್ಪು ಮಾಡಿರಲಿಲ್ಲ. ನಿಯಮ ಇರುವುದೇ ಹಾಗೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಕರ್ನಾಟಕದ ಸೇವಾ ನಿಯಮ 1958ರಲ್ಲಿ ಬಂತು, ಕೇರಳದ್ದು 1959ರಲ್ಲಿ. ಒಂದೇ ಜಿಲ್ಲೆಯಲ್ಲಿದ್ದ ನಾವು ಎರಡು ಪುಸ್ತಕಗಳ ಕೆಳಗೆ ಬಂದೆವು. ಇಎಲ್ ಅಂದರೆ ಗಳಿಕೆ ರಜೆಯ ವಿಷಯದಲ್ಲಿ ಈ ಎರಡು ಪುಸ್ತಕಗಳ ಯೋಚನೆಯೇ ಬೇರೆ.

ಕೇರಳದಲ್ಲಿ ರಜೆಯನ್ನು ದಿನ ಲೆಕ್ಕದಲ್ಲಿ ದುಡಿಯಬೇಕು. ಕಾಯಂ ನೌಕರನಿಗೆ ಡ್ಯೂಟಿಯ ದಿನಗಳ ಹನ್ನೊಂದರಲ್ಲಿ ಒಂದು ಪಾಲು ಗಳಿಕೆ ರಜೆ. ಹನ್ನೊಂದೇ ಯಾಕೆ ಅಂತ ಹೊಸಬರು ಕೇಳುತ್ತಾರೆ. ಹನ್ನೊಂದು ತಿಂಗಳು ದುಡಿದರೆ ಹನ್ನೆರಡನೆಯ ತಿಂಗಳು ರಜೆ, ಅಷ್ಟೇ ಅದರ ಅರ್ಥ. ಭಾನುವಾರ, ಹಬ್ಬದ ರಜೆ, ಸಿಎಲ್ ಎಲ್ಲವೂ ಡ್ಯೂಟಿಯ ಲೆಕ್ಕಕ್ಕೆ ಬರುತ್ತವೆ. ತೆಗೆದ ಇಎಲ್ ಮತ್ತು ಸಂಬಳವಿಲ್ಲದ ರಜೆ ಬರುವುದಿಲ್ಲ. ಆದರೆ ಕೆಲಸ ಇನ್ನೂ ಕಾಯಂ ಆಗದವರಿಗೆ ಮೊದಲ ಒಂದು ವರ್ಷ ಈ ಪಾಲು ಅರ್ಧವಾಗುತ್ತದೆ. ಹನ್ನೊಂದರ ಬದಲು ಇಪ್ಪತ್ತೆರಡರಲ್ಲಿ ಒಂದು. ಹೊಸದಾಗಿ ಸೇರಿದವರು ಯಾರೂ ಮೊದಲ ದಿನವೇ ಕಾಯಂ ಆಗಿರುವುದಿಲ್ಲ. ಅಂದರೆ ಎಲ್ಲ ಹೊಸಬರಿಗೂ ಮೊದಲ ವರ್ಷ ಅರ್ಧ ರಜೆ ಎಂದೇ ಆಯಿತು.

ತಂಗಿಯ ಮಗಳ ಲೆಕ್ಕ ನೋಡಿ. ಆಗಸ್ಟ್ 17ರಿಂದ ಡಿಸೆಂಬರ್ 11ರವರೆಗೆ 117 ದಿನ. ಅದನ್ನು 22ರಿಂದ ಭಾಗಿಸಿದರೆ ಐದು ಚಿಲ್ಲರೆ. ಅದಕ್ಕೇ ಐದು.

ಕರ್ನಾಟಕದಲ್ಲಿ ರಜೆ ಮುಂಗಡವಾಗಿ ಬರುತ್ತದೆ. ಜನವರಿ 1ಕ್ಕೆ 15, ಜುಲೈ 1ಕ್ಕೆ 15, ಒಟ್ಟು ವರ್ಷಕ್ಕೆ 30. ಮಧ್ಯದಲ್ಲಿ ಸೇರಿದವರಿಗೆ ಆ ಅರ್ಧ ವರ್ಷದಲ್ಲಿ ಉಳಿದಿರುವ ಪ್ರತಿ ಪೂರ್ಣ ತಿಂಗಳಿಗೆ ಎರಡೂವರೆ ದಿನ. ಅಣ್ಣನ ಮಗನಿಗೆ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಸಿಕ್ಕಿದವು. ನಾಲ್ಕು ತಿಂಗಳಿಗೆ ಹತ್ತು ದಿನ. ಇದು ದುಡಿದ ಮೇಲೆ ಕೊಡುವುದಲ್ಲ, ದುಡಿಯುತ್ತಾನೆ ಎಂಬ ನಂಬಿಕೆಯ ಮೇಲೆ ಮೊದಲೇ ಬರೆದಿಡುವುದು. ಅರ್ಧ ವರ್ಷದ ನಡುವೆ ಕೆಲಸ ಬಿಟ್ಟರೆ ಆ ಅರ್ಧ ವರ್ಷದ್ದನ್ನು ಮತ್ತೆ ತಿಂಗಳ ಲೆಕ್ಕದಲ್ಲಿ ಕಡಿಮೆ ಮಾಡುತ್ತಾರೆ.

ಇಲ್ಲಿ ಅವನಿಗೂ ಒಂದು ನಷ್ಟ ಆಗಿದೆ. ಅದನ್ನು ಅವನು ಗಮನಿಸಿರಲಿಲ್ಲ. ಆಗಸ್ಟ್ 17ರಿಂದ 31ರವರೆಗೆ 15 ದಿನ ದುಡಿದದ್ದಕ್ಕೆ ರಜೆಯ ಲೆಕ್ಕದಲ್ಲಿ ಏನೂ ಇಲ್ಲ. ಆಗಸ್ಟ್ ಪೂರ್ಣ ತಿಂಗಳಾಗಲಿಲ್ಲವಲ್ಲ. ಅವನು ಆಗಸ್ಟ್ 2ಕ್ಕೆ ಸೇರಿದ್ದರೂ ಹತ್ತೇ, 31ಕ್ಕೆ ಸೇರಿದ್ದರೂ ಹತ್ತೇ. ಆಗಸ್ಟ್ 1ಕ್ಕೇ ಸೇರಿದ್ದರೆ ಮಾತ್ರ ಇನ್ನೂ ಎರಡೂವರೆ ದಿನ ಸಿಗುತ್ತಿತ್ತು. ನೇಮಕಾತಿ ಆದೇಶ ಕೈಗೆ ಬಂದು ತಿಂಗಳ ಕೊನೆಯಲ್ಲಿದ್ದೀರಿ, ಸೇರಲು ಸಮಯವೂ ಉಂಟು ಅಂದರೆ, ಮುಂದಿನ ತಿಂಗಳ 1ನೇ ತಾರೀಕನ್ನು ದಾಟಿಸಬೇಡಿ ಎಂದು ಗಡಿಯಾಚೆಯ ಮಕ್ಕಳಿಗೆ ನಾನು ಹೇಳುವುದು ಇದಕ್ಕೇ. ಈಚೆ ಕಡೆ ಒಂದು ದಿನ ತಡವಾದರೆ ಹೋಗುವುದು ದಿನದ ಇಪ್ಪತ್ತೆರಡನೇ ಒಂದು ಪಾಲು ಮಾತ್ರ.

ಆಸ್ಪತ್ರೆಯಲ್ಲಿ ಕೊನೆಗೆ ಏನಾಯಿತು ಅಂದರೆ, ಮೊದಲ ಐದು ದಿನ ಮಗಳು ಇದ್ದಳು. ಸಿಎಲ್ ಅನ್ನು ಇಎಲ್ ಜೊತೆ ಸೇರಿಸಿ ತೆಗೆಯುವ ಹಾಗಿಲ್ಲ. ಸಂಬಳವಿಲ್ಲದ ರಜೆ ಹಾಕಿದರೆ ಸಂಬಳವೂ ಹೋಗುತ್ತದೆ, ಆ ದಿನಗಳು ಮುಂದಿನ ಇಎಲ್ ಲೆಕ್ಕದಿಂದಲೂ ಬಿಟ್ಟುಹೋಗುತ್ತವೆ. ಉಳಿದ ಐದು ದಿನ ಅಣ್ಣನ ಮಗ ನಿಂತ. ಭಾವನಿಗೆ ಅವನು ಬೇರೆಯವನಲ್ಲ, ಸರಿ. ಆದರೂ ರಾತ್ರಿ ಫೋನ್ ಮಾಡಿದಾಗ ಮಗಳ ಸ್ವರದಲ್ಲಿದ್ದ ಸಂಕಟ ನನಗೆ ಮರೆತಿಲ್ಲ.

ಈಗ ಪೂರ್ತಿ ಲೆಕ್ಕಕ್ಕೆ ಬರುತ್ತೇನೆ. ಸುಲಭವಾಗಲಿ ಅಂತ ಇಬ್ಬರೂ ತೆಗೆದ ರಜೆಯನ್ನು ಬದಿಗಿಡೋಣ. 2023ರ ಡಿಸೆಂಬರ್ 31ಕ್ಕೆ ಇಬ್ಬರ ಖಾತೆಯಲ್ಲಿ ಎಷ್ಟಿರಬೇಕು?

ಅವನದ್ದು ಬಾಯಲ್ಲೇ ಹೇಳಬಹುದು. ಮೊದಲ ಹತ್ತು, ಆಮೇಲೆ 15, ಮತ್ತೆ 15. ಒಟ್ಟು 40.

ಅವಳದ್ದನ್ನು ಎರಡು ತುಂಡು ಮಾಡಬೇಕು. 2022ರ ಆಗಸ್ಟ್ 17ರಿಂದ 2023ರ ಆಗಸ್ಟ್ 16ರವರೆಗೆ 365 ದಿನ. 22ರಿಂದ ಭಾಗಿಸಿದರೆ ಹದಿನಾರೂವರೆ ಚಿಲ್ಲರೆ. ಆಗಸ್ಟ್ 17ರಿಂದ ಡಿಸೆಂಬರ್ 31ರವರೆಗೆ 137 ದಿನ. ಇದನ್ನು 11ರಿಂದ ಭಾಗಿಸಬೇಕು, ಹನ್ನೆರಡು ಚಿಲ್ಲರೆ. ಎರಡೂ ಸೇರಿ 29.

ಇಲ್ಲೇ ತಪ್ಪಾಗುವುದು. 'ಮೊದಲ ವರ್ಷ' ಎಂದರೆ ಸೇರಿದ ದಿನದಿಂದ ಒಂದು ವರ್ಷ, ಕ್ಯಾಲೆಂಡರಿನ ವರ್ಷ ಅಲ್ಲ. ಖಾತೆ ಬರೆಯುವವರು ಲೆಕ್ಕ ಮುಗಿಸುವುದು ಡಿಸೆಂಬರ್ 31ಕ್ಕೆ ಆದ್ದರಿಂದ ಅಲ್ಲಿಯವರೆಗೂ 22ನ್ನೇ ಎಳೆದುಬಿಡುತ್ತಾರೆ. ಆಗ 29ರ ಜಾಗದಲ್ಲಿ 22 ಅಥವಾ 23 ಬರುತ್ತದೆ. ಆರು ದಿನ ಸುಮ್ನೆ ಹೋಯಿತು. ಗುರುತಿಸುವುದು ಕಷ್ಟವಿಲ್ಲ. ನಿಮ್ಮ ಸರ್ವಿಸ್ ಬುಕ್ಕಿನ ಲೀವ್ ಅಕೌಂಟ್ ಪುಟದಲ್ಲಿ ನೀವು ಸೇರಿದ ತಾರೀಕಿನ ವಾರ್ಷಿಕೋತ್ಸವಕ್ಕೆ ಒಂದು ಗೆರೆ ಬಿದ್ದಿದೆಯೇ ನೋಡಿ. ಗೆರೆ ಇಲ್ಲದೆ ಒಂದೇ ಸಾಲಿನಲ್ಲಿ ಡಿಸೆಂಬರ್‌ವರೆಗೆ ಹೋಗಿದ್ದರೆ ಪೆನ್ನು ಹಿಡಿದು ನೀವೇ ಒಮ್ಮೆ ಭಾಗಿಸಿ ನೋಡಿ.

40 ಮತ್ತು 29. ಇಷ್ಟು ನೋಡಿದರೆ ಕರ್ನಾಟಕವೇ ವಾಸಿ ಅನ್ನಿಸುತ್ತದೆ, ಅಲ್ವಾ? ಆದರೆ ಕೇರಳದ ನಿಯಮದಲ್ಲಿ ಇನ್ನೊಂದು ಮಾತಿದೆ. ಕೆಲಸ ಕಾಯಂ ಆದಾಗ, ಮೊದಲಿನಿಂದಲೇ ಕಾಯಂ ಇದ್ದವರ ಹಾಗೆ ಲೆಕ್ಕ ಹಾಕಿ, ಕಡಿಮೆ ಬಿದ್ದ ರಜೆಯನ್ನು ಖಾತೆಗೆ ಸೇರಿಸಬೇಕು. ಆಗ ಅವಳ 502 ದಿನಗಳಿಗೆ 11ರ ಲೆಕ್ಕದಲ್ಲಿ 45 ದಾಟುತ್ತದೆ. ಅವನಿಗಿಂತ ಐದು ಜಾಸ್ತಿಯೇ.

ಹಾಗಾದರೆ ಕೇರಳ ಕೊಡುವುದು ಕಡಿಮೆಯಲ್ಲ, ಕೊಡುವ ಹೊತ್ತು ತಪ್ಪು. ಹೊಸದಾಗಿ ಕೆಲಸಕ್ಕೆ ಸೇರುವ ವಯಸ್ಸು ಎಂಥದ್ದು? ಅಪ್ಪ ಅಮ್ಮನಿಗೆ ಆಪರೇಷನ್ ಆಗುವ ಹೊತ್ತು, ತಂಗಿಯ ಮದುವೆ, ತನ್ನ ಮದುವೆ. ರಜೆ ಬೇಕಾಗುವುದೇ ಆವಾಗ. ಆ ವರ್ಷವೇ ಅರ್ಧ ತಡೆದಿಟ್ಟು, ಕೆಲವು ವರ್ಷ ಕಳೆದ ಮೇಲೆ ಖಾತೆಗೆ ಹಾಕಿದರೆ ಅದು ರಜೆಯಾಗಿ ಉಪಯೋಗಕ್ಕೆ ಬರುವುದಿಲ್ಲ, ಬರೀ ಅಂಕಿಯಾಗಿ ಉಳಿಯುತ್ತದೆ. ಹೊಸಬ ಬಿಟ್ಟು ಹೋದರೆ ಎಂಬ ಭಯಕ್ಕೆ ಮದ್ದು ಕರ್ನಾಟಕದ ನಿಯಮದಲ್ಲೇ ಇದೆ, ಬಿಟ್ಟವನ ಖಾತೆಯಿಂದ ಕಳೆದರಾಯಿತು. ಎಲ್ಲರ ರಜೆಯನ್ನೂ ಅರ್ಧ ಮಾಡಬೇಕಾಗಿಲ್ಲ.

ಹಾಗೆಂದು ಕರ್ನಾಟಕದ ತಿಂಗಳ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ. 15 ದಿನ ದುಡಿದವನಿಗೆ ಸೊನ್ನೆ ಕೊಡುವುದು ಸರಿಯಲ್ಲ. ದಿನ ಎಣಿಸುವುದನ್ನು ಅವರು ನಮ್ಮಿಂದ ಕಲಿಯಬೇಕು. ಮುಂಗಡ ಕೊಡುವುದನ್ನು ನಾವು ಅವರಿಂದ ಕಲಿಯಬೇಕು.

ಇನ್ನು ಆ ತಡೆದಿಟ್ಟ ಅರ್ಧ ತಾನಾಗಿ ಬರುತ್ತದೆ ಎಂದು ಯಾರೂ ಕೂರಬಾರದು. ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಕಾಯಂ ಆದ ಆದೇಶ ಬರುವಷ್ಟರಲ್ಲಿ ನಾನು ಎರಡು ಆಫೀಸು ಬದಲಿಸಿದ್ದೆ. ಆದೇಶವನ್ನು ಸರ್ವಿಸ್ ಬುಕ್ಕಿಗೆ ಅಂಟಿಸಿದರು. ರಜೆಯ ಪುಟವನ್ನು ಯಾರೂ ತೆರೆಯಲಿಲ್ಲ. ನಿವೃತ್ತಿಗೆ ಆರು ತಿಂಗಳಿದ್ದಾಗ ನಾನೇ ಮೊದಲ ಪುಟ ತೆಗೆದು ನೋಡಿದರೆ, ಮಾಸಿದ ನೀಲಿ ಶಾಯಿಯಲ್ಲಿ ಮೊದಲ ವರ್ಷಕ್ಕೆ 16 ಅಂತ ಹಾಗೇ ಇತ್ತು. ಊರಿನವರ ಖಾತೆಯೆಲ್ಲ ಸರಿ ಮಾಡಿದವನ ಖಾತೆ ಹಾಗಿತ್ತು ಎಂದು ಬಹಳ ಬೇಸರವಾಯಿತು. ಅರ್ಜಿ ಕೊಟ್ಟೆ, ಉಳಿದ ದಿನಗಳು ಸೇರಿದವು.

ನಿವೃತ್ತಿಯಾಗುವಾಗ 300 ದಿನಗಳವರೆಗೆ ಉಳಿದ ರಜೆಗೆ ಹಣ ಸಿಗುತ್ತದೆ. 300 ತುಂಬಿದವರಿಗೆ ಈ ಹದಿನಾರು ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮ್ಮಲ್ಲಿ ವರ್ಷ ವರ್ಷ ರಜೆ ಸರೆಂಡರ್ ಮಾಡಿ ಹಣ ತೆಗೆಯುವವರು ಜಾಸ್ತಿ. ಅವರ ಖಾತೆ 300 ತುಂಬುವುದೇ ಇಲ್ಲ. ಅಂಥವರಿಗೆ ಹದಿನಾರು ದಿನ ಎಂದರೆ ಕೊನೆಯ ಸಂಬಳದ ಅರ್ಧಕ್ಕಿಂತ ಮೇಲೆ.

ಕನ್ನಡದ ಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕು ಭಾಷೆಯದ್ದು. ಮಲಯಾಳದಲ್ಲಿ 'ಅವಧಿ' ಎಂದರೆ ರಜೆ. ಗಳಿಕೆ ರಜೆಗೆ 'ಆರ್ಜಿತ ಅವಧಿ' ಎನ್ನುತ್ತಾರೆ. ನಮಗೆ ಅವಧಿ ಎಂದರೆ ಕಾಲ, ಮುದ್ದತ್ತು. ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿಯೊಬ್ಬಳು 'ಅವಧಿ' ಕಡಿಮೆ ಇದೆ ಎಂಬ ಟಿಪ್ಪಣಿ ನೋಡಿ, ತನ್ನ ಸೇವೆಯ ಕಾಲ ಸಾಲದು ಅಂದುಕೊಂಡು ಅರ್ಜಿಯನ್ನೇ ವಾಪಸ್ ತೆಗೆದುಕೊಂಡಿದ್ದಳು. ಅವಳಿಗೆ ಬೇಕಿದ್ದದ್ದು ಎರಡು ದಿನ, ಖಾತೆಯಲ್ಲಿ ನಾಲ್ಕಿತ್ತು.

ತಂಗಿಯ ಮಗಳಿಗೆ ಕಾಯಂ ಆದ ಆದೇಶ ಈಚೆಗೆ ಬಂತು. ಅದೇ ವಾರ ಅವಳನ್ನು ಕೂರಿಸಿ ಅರ್ಜಿ ಬರೆಸಿದೆ. ಸೇರಿದ ತಾರೀಕು, ಆದೇಶದ ನಂಬರು, ಮೊದಲ ವರ್ಷದ ಡ್ಯೂಟಿ ದಿನಗಳಿಗೆ 22ರ ಮತ್ತು 11ರ ಲೆಕ್ಕ ಅಕ್ಕಪಕ್ಕ, ನಡುವಿನ ವ್ಯತ್ಯಾಸ. ಅರ್ಧ ಪುಟವೂ ಆಗಲಿಲ್ಲ. ಒಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿ ಮನೆಯಲ್ಲಿಟ್ಟುಕೋ ಎಂದಿದ್ದೇನೆ. ಖಾತೆಯಲ್ಲಿ ಬರೆದಾದ ಮೇಲೆ ಆ ಪುಟದ ಫೋಟೋ ಕಳಿಸುತ್ತೇನೆ ಎಂದಿದ್ದಾಳೆ.