ಬೇಸಿಕ್ ಏರಿತು, ಯಜಮಾನರ ಬಿಪಿಯೂ ಏರಿತು

ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ಕ್ಕೆ ಜಾರಿಯಾದವಲ್ಲ, ಅಂದಿನಿಂದ ಪೀಣ್ಯದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಅಳು. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದನ್ನೂ ವೇತನಕ್ಕೇ ಸೇರಿಸಬೇಕಂತೆ. ಅನ್ಯಾಯ! ಇಷ್ಟು ವರ್ಷ ಎಷ್ಟು ಪ್ರೀತಿಯಿಂದ ಸಾಕಿದ ಭತ್ಯೆಗಳವು. ಸ್ಪೆಷಲ್ ಅಲೋಯನ್ಸ್, ಬಟ್ಟೆ ಒಗೆಯುವ ಅಲೋಯನ್ಸ್, ಹೆಸರು ತೋಚದೇ ಹೋದಾಗ 'ಅದರ್ ಅಲೋಯನ್ಸ್'. ನನಗೆ ಗೊತ್ತಿರುವ ಒಬ್ಬರ ಸ್ಲಿಪ್ಪಿನಲ್ಲಿ ಸ್ಪೆಷಲ್ ಎರಡು ಸಲ ಇತ್ತು. ಅಷ್ಟು ಸ್ಪೆಷಲ್ ಮನುಷ್ಯ.

ಪೀಣ್ಯದ ಒಬ್ಬ ಯಜಮಾನರು ಮೊನ್ನೆ ಸಿಕ್ಕು ಎದೆ ಒತ್ತಿಕೊಂಡರು. "ಪಿಎಫ್ ಹೋಯ್ತು, ಬೋನಸ್ ಹೋಯ್ತು, ಗ್ರಾಚ್ಯುಟಿ ಹೋಯ್ತು, ಮುಗೀತು ಕಣ್ರೀ ನಮ್ ಕಥೆ!" ಅಂದರು. ಅವರ ಫೋರ್‌ಮನ್ ಲೆಕ್ಕವನ್ನೇ ತೆಗೆಯೋಣ ಅಂದೆ. ಹನ್ನೆರಡು ವರ್ಷದ ಸರ್ವಿಸು, ಒಟ್ಟು ಸಂಬಳ 40,000, ಬೇಸಿಕ್ 16,000. ಈಗ ಲೆಕ್ಕಕ್ಕೆ ಬೇಸಿಕ್ 20,000 ಅಂತಲೇ ಹಿಡಿಯಬೇಕು.

ಪಿಎಫ್ ನೋಡಿ. ಕಾನೂನಿನ ಮಿತಿ 15,000, ಅದರ ಶೇ 12 ಅಂದರೆ 1,800. ಯಜಮಾನರು ಮಿತಿಗಷ್ಟೇ ಕಟ್ಟುವವರು, ಹಾಗಾಗಿ ಮೊದಲೂ 1,800, ಈಗಲೂ 1,800. ಬೋನಸ್ ನೋಡಿ. ಅದರ ಲೆಕ್ಕ ಬೇಸಿಕ್ ಮೇಲಲ್ಲ, ಸರ್ಕಾರ ಗೊತ್ತು ಮಾಡುವ ಮಿತಿ ಅಥವಾ ಕನಿಷ್ಠ ವೇತನ, ಎರಡರಲ್ಲಿ ಯಾವುದು ದೊಡ್ಡದೋ ಅದರ ಮೇಲೆ. ಅಲ್ಲೂ ಒಂದು ಪೈಸೆ ಅಲ್ಲಾಡಲಿಲ್ಲ. ಮೂರು ಶವ ತೋರಿಸಿ ಅತ್ತರಲ್ಲ, ಅದರಲ್ಲಿ ಎರಡು ಎದ್ದು ಕೂತವು.

ಗ್ರಾಚ್ಯುಟಿಯದು ಮಾತ್ರ ನಿಜವಾದ ಏಟು. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸರ್ವಿಸಿನ ಅಷ್ಟೂ ವರ್ಷಕ್ಕೆ ಗುಣಿಸಬೇಕು. ಬೇಸಿಕ್ 16,000 ಇದ್ದಾಗ ಹನ್ನೆರಡು ವರ್ಷಕ್ಕೆ 1,10,769 ರೂಪಾಯಿ. 20,000 ಆದ ದಿನವೇ 1,38,462. ಒಂದು ಸಹಿಗೆ 27,692 ರೂಪಾಯಿ ಸಾಲ ಏರಿತು. ಹನ್ನೆರಡು ವರ್ಷದ ಹಿಂದೆ ದುಡಿದ ದಿನಕ್ಕೂ ಇವತ್ತಿನ ರೇಟು ಬೀಳುತ್ತದೆ, ಅದೇ ಇದರ ಗುಟ್ಟು. ದೊಡ್ಡ ಐಟಿ ಕಂಪನಿಗಳು ಡಿಸೆಂಬರ್ ತ್ರೈಮಾಸಿಕದಲ್ಲಿ ಕೋಟಿಗಟ್ಟಲೆ ಹಣವನ್ನು ಒಮ್ಮೆಲೇ ಪಕ್ಕಕ್ಕಿಟ್ಟದ್ದು ಇದಕ್ಕೇ.

ಅಕೌಂಟೆಂಟ್ ಮಾತ್ರ ನಿಶ್ಚಿಂತ. ಅವನ ಎಕ್ಸೆಲ್‌ನಲ್ಲಿ ಗ್ರಾಚ್ಯುಟಿ ಅಂದರೆ ಬೇಸಿಕ್‌ನ ಶೇ 4.81, ಅಷ್ಟೇ. ಮುಂದಿನ ವರ್ಷ ಬೇಸಿಕ್ 2,000 ಏರಿಸಿದರೆ ವರ್ಷಕ್ಕೆ 1,154 ರೂಪಾಯಿ ಖರ್ಚು ಅಂತ ತೋರಿಸುತ್ತಾನೆ. ಆಗ ಸರ್ವಿಸು ಹದಿಮೂರು ವರ್ಷ. ನಿಜವಾಗಿ ಏರುವುದು ಸರಿಯಾಗಿ 15,000. ಹಳೆಯ ಹನ್ನೆರಡು ವರ್ಷ ಆ 4.81ರೊಳಗೆ ಇಲ್ಲವೇ ಇಲ್ಲ. ಫೋರ್‌ಮನ್ ನಿವೃತ್ತಿಯಾಗುವ ದಿನ ಯಜಮಾನರಿಗೆ ಇದು ಆಕಾಶದಿಂದ ಬಿದ್ದಂತೆ ಕಾಣುತ್ತದೆ.

ಆದರೆ ಇಷ್ಟು ಕನಿಕರ ಸಾಕು. ಐಟಿ ಕಡೆಗೆ ಹೋದರೆ ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲವನ್ನೂ ನಿಮ್ಮ ಪ್ಯಾಕೇಜಿನೊಳಗೇ ಎಣಿಸುವ ಸಿಟಿಸಿ ಎಂಬ ಮಹಾ ಆವಿಷ್ಕಾರ ಇದೆ, ಅದನ್ನು ಹೊಗಳಲೇಬೇಕು. ಅಲ್ಲಿ ಪಿಎಫ್ ಪೂರ್ತಿ ಬೇಸಿಕ್ ಮೇಲೆ ಕಟ್ಟುವವರು ಬಹಳ. ಇದೇ 4,000 ಏರಿಕೆಗೆ ಕಂಪನಿಯ ಪಾಲು 480, ಮೇಲೆ ಆಡಳಿತ ಶುಲ್ಕ 20, ಗ್ರಾಚ್ಯುಟಿ ಲೆಕ್ಕ 192. ಈ 692ನ್ನು ಕಂಪನಿ ಎಲ್ಲಿಂದ ಕೊಡುತ್ತದೆ? ನಿಮ್ಮ ಸ್ಪೆಷಲ್ ಅಲೋಯನ್ಸ್‌ನಿಂದ! ನಿಮ್ಮ ಪಾಲಿನ ಪಿಎಫ್ 480 ಬೇರೆ ಕಡಿತ. ಬೇಸಿಕ್ ಏರಿದ ಖುಷಿಗೆ ತಿಂಗಳಿಗೆ 1,172 ರೂಪಾಯಿ ಕೈಗೆ ಕಮ್ಮಿ. ಎರಡು 480 ನಿಮ್ಮ ಪಿಎಫ್ ಖಾತೆಗೇ ಹೋಗುತ್ತವೆ, ಒಪ್ಪಿದೆ, ಅದು ನಿಮ್ಮದೇ ದುಡ್ಡು. ಗ್ರಾಚ್ಯುಟಿಯದು? ಕಾಯಂ ನೌಕರ ಮೂರು ವರ್ಷಕ್ಕೆ ಬಿಟ್ಟರೆ ಒಂದು ರೂಪಾಯಿಯೂ ಸಿಗದು, ಐದು ವರ್ಷ ಆಗಬೇಕು. 20,000 ಬೇಸಿಕ್‌ಗೆ ತಿಂಗಳಿಗೆ 962ರಂತೆ ಮೂರು ವರ್ಷ ನಿಮ್ಮ 'ಪ್ಯಾಕೇಜ್' ಅಂತ ತೋರಿಸಿದ ಮೂವತ್ತನಾಲ್ಕು ಸಾವಿರ ಚಿಲ್ಲರೆ ಕಂಪನಿಯ ಬಳಿಯೇ ಉಳಿಯಿತು. ಕೊಡದ ದುಡ್ಡನ್ನು ಕೊಟ್ಟೆವು ಅಂತ ಆಫರ್ ಲೆಟರ್‌ನಲ್ಲಿ ಅಚ್ಚು ಹಾಕುವುದು ಮೋಸ. ಇದನ್ನು ನಗಿಸುವ ಹಾಗೆ ಹೇಳಲು ನನಗೆ ಬರುವುದಿಲ್ಲ.

ಪೀಣ್ಯದವರಿಗೆ ಕೊನೆಗೊಂದು ಸಮಾಧಾನ ಹೇಳಿದೆ. ಮುಂದಿನ ವರ್ಷ ಆ 2,000 ಏರಿಸಿದರೆ ಬೇಸಿಕ್ 22,000. ಈಗ ಸಂಹಿತೆಯೊಳಗೆ ಸೇರಿಹೋದ 1965ರ ಬೋನಸ್ ಕಾಯ್ದೆಯಲ್ಲಿ ಗೆರೆ 21,000 ಇತ್ತು. ಅದೇ ಗೆರೆ ಉಳಿದರೆ, ದಾಟಿದವನಿಗೆ ಬೋನಸ್ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಅವರ ಮುಖ ಅರಳಿತು. "ಹಾಗಾದ್ರೆ ಏರಿಸೇ ಬಿಡೋಣ, ಪಾಪ, ಹನ್ನೆರಡು ವರ್ಷದ ಹಳೇ ಮನುಷ್ಯ" ಅಂದರು. ಆಯುಧಪೂಜೆಗೆ ಅವನು ಬೋನಸ್ ಕೇಳಿದರೆ ಏನು ಹೇಳುತ್ತೀರಿ ಅಂದೆ. "ನೀನೀಗ ಆಫೀಸರ್ ಲೆವೆಲ್ ಕಣಪ್ಪ ಅಂತೀನಿ, ಜೊತೆಗೆ ಅರ್ಧ ಕೆಜಿ ಸ್ವೀಟ್ಸ್."