ಸಾವೇ ಇಲ್ಲದ ಸಸಿಗಳು

ಒಂದೇ ದಿನದಲ್ಲಿ ಲಕ್ಷ ಸಸಿ ನೆಟ್ಟ ಸುದ್ದಿ ನೀವೂ ಓದಿರುತ್ತೀರಿ. ಫೋಟೋ ಕೂಡ ನೋಡಿರುತ್ತೀರಿ: ಸಸಿ ಒಂದು, ಅದನ್ನು ಹಿಡಿದ ಕೈ ಹನ್ನೊಂದು. ಆ ಸಸಿ ಬದುಕಿದರೆ ಅದೇ ಪವಾಡ.

ನನಗೆ ಇಂಥ ಯೋಜನೆಗಳ ಅಂದಾಜುಪಟ್ಟಿ ಓದುವ ಚಟವಿದೆ. ಇಷ್ಟು ಆಶಾವಾದ ಬೇರೆಲ್ಲೂ ಸಿಗುವುದಿಲ್ಲ. ಗುಂಡಿಗೆ ದುಡ್ಡಿದೆ, ಸಸಿಗಿದೆ, ಸಾಗಣೆಗಿದೆ, ವೇದಿಕೆಗೆ ಸ್ವಲ್ಪ ಜಾಸ್ತಿಯೇ ಇದೆ. ‘ಸತ್ತ ಸಸಿಗೆ ಬದಲಿ’ ಎಂಬ ಸಾಲು ಮಾತ್ರ ಇರುವುದಿಲ್ಲ. ಪಟ್ಟಿ ಬರೆದವರ ಲೋಕದಲ್ಲಿ ಸಾವೇ ಇಲ್ಲ.

ನೀರಿಗೆ ಒಂದು ಸಾಲು ಇರುತ್ತದೆ, ಸುಮ್ನೆ ಹೆಸರಿಗೆ. ಲಕ್ಷದ ಮಾತು ಬಿಡಿ, ಸಾವಿರ ಸಸಿ ಇಟ್ಟುಕೊಳ್ಳೋಣ. ಒಂದಕ್ಕೆ ಒಂದು ಸಲಕ್ಕೆ ಹತ್ತು ಲೀಟರ್ ಎಂದರೆ ಹತ್ತು ಸಾವಿರ ಲೀಟರ್ ಬೇಕು. 5,000 ಲೀಟರ್ ಹಿಡಿಯುವ ಟ್ಯಾಂಕರ್ ಎರಡು. ವಾರಕ್ಕೊಮ್ಮೆಯಂತೆ ಆರು ತಿಂಗಳ ಒಣಗಾಲಕ್ಕೆ 52 ಟ್ಯಾಂಕರ್. ಇದು ಮೊದಲ ವರ್ಷದ್ದು. ದಾರಿಯಲ್ಲಿ ಸೋರಿದ್ದನ್ನು, ಪೈಪು ಮುಟ್ಟದ ಗುಡ್ಡದ ತುದಿಗೆ ಕೊಡದಲ್ಲಿ ಹೊತ್ತವರ ಕೂಲಿಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಪಟ್ಟಿಯವರು ಹಿಡಿಯದಿರುವಾಗ ನನಗ್ಯಾಕೆ?

ಬೇಲಿಯ ಲೆಕ್ಕ ಇನ್ನೂ ಚೆಂದ. ‘ಇಷ್ಟು ಹೆಕ್ಟೇರಿಗೆ ಇಷ್ಟು ಬೇಲಿ’ ಎಂದು ಬರೆದುಬಿಡುತ್ತಾರೆ. ಆದರೆ ಬೇಲಿ ಹಾಕುವುದು ಜಾಗದ ಒಳಗಲ್ಲ, ಅಂಚಿಗೆ. ಚೌಕಾಕಾರದ ಒಂದು ಹೆಕ್ಟೇರಿಗೆ 400 ಮೀಟರ್ ಬೇಲಿ ಸಾಕು. ಅದೇ ಒಂದು ಹೆಕ್ಟೇರನ್ನು ಹಳ್ಳದ ದಂಡೆಗುಂಟ ಹತ್ತು ಮೀಟರ್ ಅಗಲದಲ್ಲಿ ಎಳೆದರೆ ಅದು ಒಂದು ಕಿಲೋಮೀಟರ್ ಉದ್ದವಾಗುತ್ತದೆ. ಆಗ ಬೇಲಿ 2,020 ಮೀಟರ್, ಅಂದರೆ ಐದು ಪಟ್ಟು. ಪಟ್ಟಿಯಲ್ಲಿರುವುದು 400 ಮೀಟರಿನ ದುಡ್ಡೇ. ಹಾಗಾಗಿ ರಸ್ತೆಯಿಂದ ಕಾಣುವ ಕಡೆ ಭದ್ರವಾದ ಬೇಲಿ ನಿಲ್ಲುತ್ತದೆ, ಮಿಕ್ಕ ಕಡೆ ಬಯಲು. ಆಡುಗಳು ರಸ್ತೆ ಕಡೆಯಿಂದಲೇ ಬರಬೇಕು ಎಂಬ ನಿಯಮ ಆಡುಗಳಿಗೆ ಯಾರೂ ತಿಳಿಸಿರುವುದಿಲ್ಲ, ಅಲ್ವಾ?

ಎಲ್ಲೋ ಒಬ್ಬ ಬುದ್ಧಿವಂತ ಅಧಿಕಾರಿ ಬದಲಿ ಸಸಿಗೂ ಸಾಲು ಸೇರಿಸಿದ ಎನ್ನಿ. ಸಾವಿರದಲ್ಲಿ 200 ಸಾಯಬಹುದು ಎಂದು ಒಪ್ಪಿಕೊಂಡ. ಸಂತೋಷ. ಆ 200 ಸಸಿಯನ್ನು ನಡುಬೇಸಿಗೆಯಲ್ಲಿ ನೆಡಲಾಗದು, ಎರಡನೇ ಮಳೆಗಾಲಕ್ಕೇ ಕಾಯಬೇಕು. ಅಂದರೆ ಯೋಜನೆಯ ಎರಡನೇ ಬೇಸಿಗೆ ಅವಕ್ಕೆ ಮೊದಲನೇ ಬೇಸಿಗೆ. ನೀರಿನ ಬಿಲ್ಲು ಅಷ್ಟರಲ್ಲಿ ಮುಗಿದಿರುತ್ತದೆ! ಹಳೆಯ 800ಕ್ಕೆ ಹದಿನೈದು ದಿನಕ್ಕೊಮ್ಮೆ, ಹೊಸ 200ಕ್ಕೆ ವಾರಕ್ಕೊಮ್ಮೆ ಕೊಟ್ಟರೂ ಇನ್ನೂ 32 ಟ್ಯಾಂಕರ್ ಬೇಕು. ಹೊಸದರಲ್ಲೂ ಅದೇ ಪ್ರಮಾಣದಲ್ಲಿ ಸತ್ತರೆ ಮೂರನೇ ವರ್ಷಕ್ಕೆ ಮತ್ತೆ 40. ಅವಕ್ಕೂ ಒಂದು ಮೊದಲ ಬೇಸಿಗೆ ಇರುತ್ತದೆ. ಬದಲಿ ಸಸಿಗೆ ದುಡ್ಡಿಟ್ಟು ಅದರ ನೀರಿಗೆ ಇಡದಿದ್ದರೆ ಎರಡನೇ ಸಲ ಸಾಯಿಸಲು ದುಡ್ಡಿಟ್ಟಂತೆ. ಸತ್ತದ್ದು ಯಾಕೆ ಎಂದು ನೋಡುವ ಕಾಲಂ ಅಂತೂ ಇಲ್ಲವೇ ಇಲ್ಲ. ಕಾಂಡ ಕಚ್ಚಿ ಮುರಿದಿದ್ದರೆ ದನಕರು, ಎಲೆ ಕಾಂಡಕ್ಕೇ ಅಂಟಿಕೊಂಡು ಒಣಗಿದ್ದರೆ ಹೆಚ್ಚಾಗಿ ನೀರು, ಬೇರು ಪ್ಲಾಸ್ಟಿಕ್ ಚೀಲದೊಳಗೇ ಸುತ್ತಿಕೊಂಡಿದ್ದರೆ ಚೀಲ ತೆಗೆಯದೆ ನೆಟ್ಟ ಮಹಾನುಭಾವರು. ಬೇಲಿ ಕಟ್ಟದೆ ಬದಲಿ ಸಸಿ ನೆಡುವುದು ಆಡುಗಳಿಗೆ ಎರಡನೇ ಪಂಕ್ತಿ.

ಇದಕ್ಕೆ ‘ಜಲಾನಯನ’ ಅಂತ ಬೇರೆ ಹೆಸರು ಸೇರಿಸಿರುತ್ತಾರೆ. ಕೆಲಸ ಗುಡ್ಡದ ತಲೆಯಿಂದ ಶುರುವಾಗಬೇಕು. ಮೊದಲು ಇಳಿಜಾರಿಗೆ ಅಡ್ಡಲಾಗಿ ಕಂದಕ, ಅದರ ಕೆಳಗೆ ಸಸಿ, ಕೊನೆಗೆ ಹಳ್ಳದಲ್ಲಿ ಚೆಕ್ ಡ್ಯಾಂ. ಕಂದಕದಲ್ಲಿ ಇಂಗಿದ ನೀರೇ ಸಸಿಗೆ ಒಂದಷ್ಟು ದಿನ ಆಸರೆ, ಟ್ಯಾಂಕರಿನ ಖರ್ಚೂ ಇಳಿಯುತ್ತದೆ. ನಾವು ಮಾಡುವುದು ತಿರುಗಾಮುರುಗಾ. ಚೆಕ್ ಡ್ಯಾಂ ಮೊದಲು, ಯಾಕೆಂದರೆ ಉದ್ಘಾಟನೆಗೆ ಅದು ಚೆನ್ನಾಗಿ ಕಾಣುತ್ತದೆ. ಕಂದಕದ ಮುಂದೆ ನಿಂತು ಟೇಪು ಕತ್ತರಿಸುವುದು ಹೇಗೆ ಹೇಳಿ? ಮೇಲಿನ ಬೋಳು ಗುಡ್ಡದ ಮಣ್ಣೆಲ್ಲ ಕೆಲವೇ ಮಳೆಗೆ ಬಂದು ಡ್ಯಾಮಿನಲ್ಲಿ ಹೂಳಾಗಿ ಕೂರುತ್ತದೆ. ಆಮೇಲೆ ಹೂಳೆತ್ತುವ ಯೋಜನೆ.

ನಿಜ ಹೇಳಬೇಕೆಂದರೆ ತಮಾಷೆ ಮಾಡಿ ಮಾಡಿ ಸಾಕಾಗಿದೆ. ದುಡ್ಡು ಇಲ್ಲ ಅಂತಲ್ಲ. ಲಕ್ಷ ಸಸಿಯ ದುಡ್ಡಿನಲ್ಲಿ ಹತ್ತೋ ಇಪ್ಪತ್ತೋ ಸಾವಿರ ನೆಟ್ಟು, ಮೂರು ಬೇಸಿಗೆ ನೀರು ಕೊಟ್ಟು, ಒಬ್ಬ ಕಾವಲುಗಾರನಿಗೆ ತಿಂಗಳು ತಿಂಗಳು ಸಂಬಳ ಕೊಡಬಹುದು. ಅದು ಯಾರಿಗೂ ಬೇಡ. ಸಂಖ್ಯೆ ಚಿಕ್ಕದಾಗಿ ಕಾಣುತ್ತದಂತೆ. ಬದುಕಿದ ಸಸಿಯ ಎಣಿಕೆಯನ್ನು ನೆಟ್ಟ ಹದಿನೈದೇ ದಿನಕ್ಕೆ, ಮಣ್ಣು ಇನ್ನೂ ಹಸಿಯಾಗಿರುವಾಗ ಮುಗಿಸುತ್ತಾರೆ. ಬೇಸಿಗೆ ಕಳೆದ ಮೇಲೆ ಎಣಿಸಿ ಅಂದರೆ ಯೋಜನೆ ಆಗಲೇ ಮುಕ್ತಾಯವಾಗಿದೆ ಎನ್ನುತ್ತಾರೆ.

ಮುಂದಿನ ಮಳೆಗೆ ಅದೇ ಜಾಗಕ್ಕೆ ಹೊಸ ಯೋಜನೆ ಬರುತ್ತದೆ. ಹಳೆಯ ಗುಂಡಿಗಳು ಹಾಗೇ ಇರುತ್ತವೆ. ಗುಂಡಿ ತೋಡುವ ಖರ್ಚನ್ನು ಪೂರ್ತಿಯಾಗಿ ಹಾಕಿರುತ್ತಾರೆ.