4 ರೂಪಾಯಿ ಕಡಿಮೆ ಅಂತ ಬೇಳೆ ಕೊಡೋರನ್ನ ಬದಲಿಸೋ ಮುಂಚೆ

ಮೈಸೂರಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ತಿಂಗಳಿಗೆ 50 ಕೆಜಿಯ 4 ಮೂಟೆ ತೊಗರಿಬೇಳೆ ಖರ್ಚಾಗುತ್ತದೆ. ಈಗಿನ ಹೋಲ್‌ಸೇಲ್‌ನವರ ರೇಟು ಕೆಜಿಗೆ 118. ಅಂಗಡಿ ಬಾಗಿಲಿಗೆ ತಂದು ಇಳಿಸುತ್ತಾರೆ, 15 ದಿನ ಸಾಲ ಕೊಡುತ್ತಾರೆ. ಹೊಸಬರೊಬ್ಬರು 114 ಅಂದರು, 20 ಮೂಟೆ ಒಟ್ಟಿಗೆ ಎತ್ತಿದರೆ 112. ಆದರೆ ಕ್ಯಾಶ್, ಸಾಗಾಟ ನಮ್ಮದೇ.

ಕೇಳಿದ ತಕ್ಷಣ ಆಸೆ ಆಗುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಗಾಡಿ ಬಾಡಿಗೆ, ಹಮಾಲಿ ಸೇರಿ ಕೆಜಿಗೆ ಒಂದೂವರೆ ರೂಪಾಯಿ. ಇಬ್ಬರ ಬೇಳೆಯನ್ನೂ ಒಂದೊಂದು ಕೆಜಿ ಜರಡಿ ಹಿಡಿದೆ. ಹೊಸಬರದ್ದರಲ್ಲಿ 40 ಗ್ರಾಂ ನುಚ್ಚು ಜಾಸ್ತಿ. ನುಚ್ಚನ್ನು 30 ರೂಪಾಯಿ ಕಡಿಮೆಗೆ ಮಾರಬೇಕು, ಹಾಗಾಗಿ ಕೆಜಿಗೆ 1.20 ಹೋಯಿತು. ನಾನು ಕೈಸಾಲಕ್ಕೆ ಕೊಡೋ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂವರೆ. ಆ ಲೆಕ್ಕದಲ್ಲಿ 15 ದಿನದ ಸಾಲದ ಬೆಲೆ ಸುಮಾರು 90 ಪೈಸೆ. ಎಲ್ಲ ಸೇರಿಸಿದರೆ 114 ಹೋಗಿ 117.60 ಆಯಿತು. ಉಳಿಯೋದು ಕೆಜಿಗೆ 40 ಪೈಸೆ, ತಿಂಗಳಿಗೆ 80 ರೂಪಾಯಿ!

20 ಮೂಟೆ ಎತ್ತಿದರೆ ಇನ್ನೂ ಕಷ್ಟ. ಅದು ಖಾಲಿ ಆಗೋಕೆ 5 ತಿಂಗಳು ಬೇಕು. ಸರಾಸರಿ ಎರಡೂವರೆ ತಿಂಗಳು ದುಡ್ಡು ಮೂಟೆಯಲ್ಲೇ ಕೂತಿರುತ್ತೆ. ಅದರ ಬಡ್ಡಿಯೇ ಕೆಜಿಗೆ 4 ರೂಪಾಯಿ ದಾಟುತ್ತೆ, ಸಿಗೋ ರಿಯಾಯಿತಿ 2 ರೂಪಾಯಿ. ನಡುವೆ ಮಳೆಗಾಲ ಬಂದರೆ ಹುಳದ ಕಾಟ ಬೇರೆ. ಮುಂದೆ ರೇಟು ಏರುತ್ತೆ ಅನ್ನೋದು ಖಾತ್ರಿ ಇದ್ದರೆ ಮಾತು ಬೇರೆ. ಆದರೆ ಅದು ರಿಯಾಯಿತಿ ಅಲ್ಲ, ಜೂಜು.

ಗುಣಮಟ್ಟಕ್ಕೆ ಜರಡಿ ಒಂದೇ ಸಾಲದು. ಇಬ್ಬರ ಬೇಳೆಯನ್ನೂ ಅಷ್ಟೇ ನೀರು, ಅಷ್ಟೇ ವಿಷಲ್ ಇಟ್ಟು ಬೇಯಿಸಿ. ಗಿರಾಕಿ ದೂರು ತರೋದು ಬಣ್ಣಕ್ಕಲ್ಲ, ಬೇಯದೇ ಇದ್ದಾಗ. ಸ್ಯಾಂಪಲ್ ಪೊಟ್ಟಣವನ್ನು ನಂಬಬೇಡಿ, ಬಂದ ಮೂಟೆಯ ತಳದಿಂದಲೇ ತೆಗೆಯಿರಿ.

ಅಕ್ಕಿಯಲ್ಲಂತೂ ಚೀಲದ ರೇಟು ಹೋಲಿಸಲೇಬೇಡಿ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್‌ಗೆ ಜಿಎಸ್‌ಟಿ ಬಂದ ಮೇಲೆ 26 ಕೆಜಿ ಚೀಲ ಶುರುವಾಯಿತು. ಕೆಜಿಗೆ ಭಾಗಿಸಿಯೇ ನೋಡಬೇಕು.

ನಂಬಿಕೆ ಗೊತ್ತಾಗೋದು ಹಬ್ಬದ ಮುಂಚಿನ ವಾರ. ಫೋನಲ್ಲಿ ಹೇಳಿದ ರೇಟಿಗೇ ಬಿಲ್ ಹಾಕುತ್ತಾರಾ? ಸರಕು ಕಡಿಮೆ ಇದ್ದಾಗ ನಮ್ಮಂಥ ಸಣ್ಣವರಿಗೆ ಕಳಿಸುತ್ತಾರಾ? ಕೆಟ್ಟ ಮೂಟೆ ವಾಪಸ್ ತಗೊಳ್ತಾರಾ? ಇದನ್ನು ರೇಟ್ ಪಟ್ಟಿ ಹೇಳಲ್ಲ. ಅದಕ್ಕೇ ಹೊಸಬರಿಂದ ಸದ್ಯ ಸಕ್ಕರೆ, ರವೆ ಮಾತ್ರ ತರಿಸುತ್ತಿದ್ದೇನೆ. ಅವರೂ 15 ದಿನ ಸಾಲ ಕೊಟ್ಟು, ನುಚ್ಚು ಕಡಿಮೆ ಇರೋ ಬೇಳೆ ಕಳಿಸಿದರೆ ದೀಪಾವಳಿ ಆದ ಮೇಲೆ ಮತ್ತೆ ಲೆಕ್ಕ ಹಾಕುತ್ತೇನೆ.